‘ಕಂಪನಿ ಹೆಸರು ಮಾತ್ರ ಬದಲಿಸಿ’ ಎನ್ನುವ ರೆಡಿಮೇಡ್ ಕವರ್ ಲೆಟರ್ ಕೆಲಸ ಮಾಡುತ್ತದೆಯೇ?

“ಫ್ರೆಶರ್ಸ್‌ಗೆ ಸಿಹಿ ಸುದ್ದಿ! ಈ ಒಂದು ಕವರ್ ಲೆಟರ್ ಇದ್ದರೆ ಯಾವ ಕಂಪನಿಯಲ್ಲಾದರೂ ಇಂಟರ್‌ವ್ಯೂ ಗ್ಯಾರಂಟಿ. ಕಂಪನಿ ಹೆಸರು ಮಾತ್ರ ಬದಲಿಸಿ ಕಳಿಸಿ. ಕೆಲಸ ಹುಡುಕುತ್ತಿರುವ ಹತ್ತು ಜನರಿಗೆ ಶೇರ್ ಮಾಡಿ.”

ಡಿಗ್ರಿ ಫಲಿತಾಂಶ ಬರುವ ಹೊತ್ತಿಗೆ ಇಂಥ ಮೆಸೇಜ್ ನಿಮ್ಮ ವಾಟ್ಸ್‌ಆಪ್ ಗುಂಪಿಗೂ ಬಂದಿರಬಹುದು. ಜೊತೆಗೊಂದು ವರ್ಡ್ ಫೈಲ್ ಇರುತ್ತದೆ. ಅದನ್ನು ತೆರೆದರೆ ಅಚ್ಚುಕಟ್ಟಾದ ಇಂಗ್ಲಿಷ್, ನಾಲ್ಕು ಪ್ಯಾರಾ, ಕೊನೆಯಲ್ಲಿ ‘ನಿಮ್ಮ ವಿಶ್ವಾಸಿ’. ಕವರ್ ಲೆಟರ್ ಎಂದರೆ ಬಯೋಡೇಟಾದ ಜೊತೆಗೆ ಕಳಿಸುವ ಒಂದು ಪುಟದ ಪತ್ರ. ಈ ಕೆಲಸಕ್ಕೆ ನಾನೇಕೆ ಅರ್ಜಿ ಹಾಕುತ್ತಿದ್ದೇನೆ, ನನ್ನಿಂದ ಏನು ಸಾಧ್ಯ ಎಂದು ಹೇಳುವುದಕ್ಕೆ ಅದು. ಈಗ ಹೆಚ್ಚಾಗಿ ಇಮೇಲ್‌ನಲ್ಲೇ ಬರೆದು ಕಳಿಸುತ್ತಾರೆ.

ನಮ್ಮ ಚಿಕ್ಕಮ್ಮನ ಮಗಳಿಗೂ ಈ ಫೈಲ್ ಸಿಕ್ಕಿತ್ತು. ಬಿಎಸ್‌ಸಿ ಮುಗಿಸಿದ್ದಾಳೆ, ಊರು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ಹೆಸರು ಬದಲಿಸಿ ಬದಲಿಸಿ ಮೂವತ್ತಕ್ಕೂ ಹೆಚ್ಚು ಕಡೆ ಕಳಿಸಿದ್ದಳು. ಒಂದು ಕಡೆಯಿಂದಲೂ ಉತ್ತರವಿಲ್ಲ. ಕೊನೆಗೆ ನನಗೆ ಕಳಿಸಿ, “ಅಕ್ಕ, ಇದ್ರಲ್ಲಿ ಏನ್ ತಪ್ಪಿದೆ ನೋಡು. ಗ್ರಾಮರ್ ಎಲ್ಲಾ ಸರಿಯಾಗೇ ಇದೆ” ಎಂದಳು.

ಗ್ರಾಮರ್ ಸರಿಯಾಗಿಯೇ ಇತ್ತು. ತೊಂದರೆ ಇದ್ದದ್ದು ಬೇರೆಡೆ.

ಓದಿದಾಗ ‘ಇದು ನನ್ನದೇ’ ಅನಿಸುವುದೇಕೆ?

ಆ ಪತ್ರದ ಮುಖ್ಯ ಸಾಲುಗಳನ್ನು ಕನ್ನಡಕ್ಕೆ ತಂದರೆ ಹೀಗಿರುತ್ತವೆ: “ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವ ಅವಕಾಶಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಕಷ್ಟಪಟ್ಟು ದುಡಿಯುವ, ಬೇಗ ಕಲಿಯುವ, ಎಲ್ಲರೊಂದಿಗೆ ಬೆರೆತು ಕೆಲಸ ಮಾಡುವ ವ್ಯಕ್ತಿ. ನನ್ನಲ್ಲಿ ಉತ್ತಮ ಸಂವಹನ ಕೌಶಲವಿದೆ. ನನ್ನ ಜ್ಞಾನವನ್ನು ಸಂಸ್ಥೆಯ ಬೆಳವಣಿಗೆಗೆ ಬಳಸುವ ಹಂಬಲ ನನ್ನದು.”

ಕೆಲಸ ಹುಡುಕುತ್ತಿರುವ ಯಾರೇ ಓದಿದರೂ ‘ಹೌದು, ನಾನು ಹೀಗೇ’ ಎಂದುಕೊಳ್ಳುತ್ತಾರೆ. ಇದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹಳೆಯ ಪ್ರಯೋಗವಿದೆ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಆಮೇಲೆ ಒಬ್ಬೊಬ್ಬರಿಗೂ ‘ಇದು ನಿನ್ನ ವ್ಯಕ್ತಿತ್ವ’ ಎಂದು ಒಂದು ಬರಹ ಹಂಚಿ, ಇದು ನಿಮಗೆ ಎಷ್ಟು ಹೊಂದುತ್ತದೆ, ಐದಕ್ಕೆ ಎಷ್ಟು ಅಂಕ ಎಂದು ಕೇಳಿದರು. ಸರಾಸರಿ ನಾಲ್ಕಕ್ಕಿಂತ ಹೆಚ್ಚು ಅಂಕ ಬಂತು. ನಿಜ ಸಂಗತಿ ಏನೆಂದರೆ, ಎಲ್ಲರಿಗೂ ಕೊಟ್ಟಿದ್ದು ಒಂದೇ ಬರಹ. ಅದರ ಹೆಚ್ಚಿನ ಸಾಲುಗಳನ್ನು ಫೋರರ್ ಆರಿಸಿಕೊಂಡಿದ್ದು ಒಂದು ಜ್ಯೋತಿಷ್ಯ ಪುಸ್ತಕದಿಂದ.

ನಮ್ಮ ಜಾತ್ರೆಗಳಲ್ಲಿ ಗಿಳಿಶಾಸ್ತ್ರದವರು ಹೇಳುವುದೂ ಇದೇ ಬಗೆಯದು. “ನಿಮ್ಮದು ಒಳ್ಳೆ ಮನಸ್ಸು, ಆದರೆ ದುಡಿದ ದುಡ್ಡು ಕೈಯಲ್ಲಿ ನಿಲ್ಲೋದಿಲ್ಲ” ಎಂದರೆ ಇಲ್ಲ ಎನ್ನುವವರು ಯಾರು? ರೆಡಿಮೇಡ್ ಪತ್ರವೂ ಹಾಗೆಯೇ ಹೆಣೆದದ್ದು. ಎಲ್ಲರಿಗೂ ಹೊಂದುವಂತೆ ಬರೆದಿರುವುದರಿಂದಲೇ ಅದು ನಿಮಗೂ ಹೊಂದುತ್ತದೆ.

ಈಗ ಪತ್ರ ಓದುವವರ ಜಾಗದಲ್ಲಿ ಕುಳಿತು ನೋಡಿ. ಒಂದು ಹುದ್ದೆಗೆ ನೂರು ಅರ್ಜಿ ಬಂದಿವೆ, ಅವುಗಳಲ್ಲಿ ಅರುವತ್ತರಲ್ಲಿ ‘ಕಷ್ಟಪಟ್ಟು ದುಡಿಯುತ್ತೇನೆ’ ಎಂದಿದೆ ಎಂದುಕೊಳ್ಳಿ. ನಿಜವಾಗಿ ದುಡಿಯುವವರೂ ಅದನ್ನು ಬರೆದಿದ್ದಾರೆ, ಮೈಗಳ್ಳರೂ ಬರೆದಿದ್ದಾರೆ. ಬರೆಯುವುದಕ್ಕೆ ಇಬ್ಬರಿಗೂ ಖರ್ಚಾದದ್ದು ಅಷ್ಟೇ. ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಉದ್ಯೋಗ ಮಾರುಕಟ್ಟೆಯ ಬಗ್ಗೆ ಬರೆದ ಪ್ರಬಂಧದ ತಿರುಳು ಇದಕ್ಕೆ ಸಂಬಂಧಿಸಿದ್ದು: ಯೋಗ್ಯತೆ ಇಲ್ಲದವರಿಗೆ ತೋರಿಸಲು ಕಷ್ಟವಾದ ಗುರುತು ಮಾತ್ರ ಎದುರಿನವರಿಗೆ ಏನನ್ನಾದರೂ ತಿಳಿಸಬಲ್ಲದು. ಈ ವಿಷಯದ ಕೆಲಸಕ್ಕೆ ಅವರು 2001ರಲ್ಲಿ ನೊಬೆಲ್ ಪುರಸ್ಕಾರವನ್ನೂ ಹಂಚಿಕೊಂಡರು. ಅವರು ಮುಖ್ಯವಾಗಿ ಹೇಳುತ್ತಿದ್ದುದು ಪದವಿ, ಓದಿನ ಬಗ್ಗೆ. ಆದರೆ ಪತ್ರದ ಒಂದೊಂದು ಸಾಲಿಗೂ ಅದನ್ನೇ ಹಚ್ಚಿ ನೋಡಬಹುದು.

ಹಾಗೆ ನೋಡಲು ಒಂದು ಸುಲಭ ದಾರಿ ಇದೆ. ಸಾಲಿನ ಕೆಳಗೆ ನಿಮ್ಮ ಕ್ಲಾಸಿನ ಗೆಳತಿಯ ಹೆಸರು ಹಾಕಿ. ಆಗಲೂ ಅದು ನಿಜವೆಂದು ಓದಿಸಿಕೊಂಡು ಹೋದರೆ ಆ ಸಾಲು ನಿಮ್ಮ ಬಗ್ಗೆ ಏನೂ ಹೇಳುತ್ತಿಲ್ಲ. ತಂಗಿಯ ಪತ್ರವನ್ನು ಹೀಗೆ ಜರಡಿ ಹಿಡಿದಾಗ ಉಳಿದದ್ದು ಅವಳ ಹೆಸರು, ಫೋನ್ ನಂಬರ್ ಮತ್ತು ಡಿಗ್ರಿ.

ಹೆಸರು ಬದಲಿಸುವುದರಲ್ಲೂ ಒಂದು ಎಡವಟ್ಟಾಗಿತ್ತು. ಮೇಲೆ ಡೈರಿಯ ಹೆಸರು ಸರಿಯಾಗಿತ್ತು, ಆದರೆ ಮೂರನೇ ಪ್ಯಾರಾದಲ್ಲಿ ‘ತಮ್ಮ ಮಾರ್ಕೆಟಿಂಗ್ ವಿಭಾಗಕ್ಕೆ’ ಎಂದು ಹಾಗೇ ಉಳಿದಿತ್ತು. ಮೂಲ ಪತ್ರ ಬರೆದವರು ಯಾವುದೋ ಮಾರ್ಕೆಟಿಂಗ್ ಹುದ್ದೆಗೆ ಬರೆದಿದ್ದಿರಬೇಕು. ಲ್ಯಾಬ್ ಕೆಲಸಕ್ಕೆಂದು ಕಳಿಸಿದ ಮೂವತ್ತು ಕಡೆಯೂ ಅದೇ ಹೋಗಿದೆ.

ಬರೆಯಲು ಕೂತಾಗ ಬಾರದ್ದು ಮಾತಿನಲ್ಲಿ ಬಂತು

ಆ ವಾರ ಅವಳು ಅರ್ಜಿ ಹಾಕಬೇಕಿದ್ದದ್ದು ಒಂದು ಖಾಸಗಿ ಡೈರಿಯ ಗುಣಮಟ್ಟ ಪರೀಕ್ಷೆಯ ಲ್ಯಾಬಿಗೆ, ಟ್ರೈನಿ ಹುದ್ದೆ. ಜಾಹೀರಾತಿನಲ್ಲಿ ಮೂರು ವಿಷಯ ಇತ್ತು: ಹಳ್ಳಿಗಳಿಂದ ಬರುವ ಹಸಿ ಹಾಲಿನ ಪರೀಕ್ಷೆ, ಅದರ ಲೆಕ್ಕ ಬರೆದಿಡುವುದು, ಪಾಳಿಯಲ್ಲಿ ಕೆಲಸ.

“ಹೊಸದಾಗಿ ಬರಿ” ಎಂದೆ. ಎರಡು ದಿನ ಬಿಟ್ಟು ಬಂದದ್ದು ಅದೇ ಪತ್ರ, ಸ್ವಲ್ಪ ಬೇರೆ ಪದಗಳಲ್ಲಿ. ‘ಕಷ್ಟಪಟ್ಟು’ ಹೋಗಿ ‘ಸಮರ್ಪಣಾ ಭಾವದಿಂದ’ ಬಂದಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ. ಇಂಗ್ಲಿಷ್‌ನಲ್ಲಿ ಬರೆಯಬೇಕು ಎಂದ ಕೂಡಲೇ ತಪ್ಪಾದೀತೆಂಬ ಹೆದರಿಕೆಗೆ, ಬೇರೆಯವರು ಬಳಸಿ ಗಟ್ಟಿಯಾದ ವಾಕ್ಯಗಳನ್ನೇ ಹಿಡಿದುಕೊಳ್ಳುತ್ತಾಳೆ. ಟೆಂಪ್ಲೇಟ್ ಹಂಚಿಕೆಯಾಗುವುದು ಸೋಮಾರಿತನದಿಂದ ಎಂದು ನಾನೂ ಅಂದುಕೊಂಡಿದ್ದೆ. ಆ ದಿನ ನನಗೆ ಕಂಡದ್ದು ಬರೀ ಭಯ.

ಹಾಗಾಗಿ ಬರೆಯುವುದೇ ಬೇಡ ಎಂದೆ. “ಹಾಲಿನ ಬಗ್ಗೆ ನೀನು ಕಾಲೇಜಲ್ಲಿ ಏನು ಮಾಡಿದೆ ಅನ್ನೋದನ್ನ ಕನ್ನಡದಲ್ಲೇ ವಾಯ್ಸ್ ಮೆಸೇಜ್ ಮಾಡಿ ಕಳಿಸು.” ಏಳು ನಿಮಿಷದ ಮೆಸೇಜ್ ಬಂತು. ಮಧ್ಯೆ ಹಸು ಕೂಗುವುದೂ ಕೇಳಿಸುತ್ತಿತ್ತು. ಅದರಲ್ಲಿ ಅವಳು ಹೇಳಿದ್ದು ಇಷ್ಟು.

ಮನೆಯಲ್ಲಿ ಎರಡು ಹಸು. ಚಿಕ್ಕಮ್ಮ ಬೆಳಿಗ್ಗೆ ಆರೂವರೆಗೆ ಊರಿನ ಹಾಲಿನ ಸಂಘಕ್ಕೆ ಹಾಲು ಹಾಕುತ್ತಾರೆ. ಕ್ಯಾನ್ ಒಯ್ಯುವ ವ್ಯಾನ್ ಬರುವುದು ಒಂಬತ್ತರ ಸುಮಾರಿಗೆ. ಬೇಸಿಗೆಯಲ್ಲಿ ಆ ಎರಡೂವರೆ ಗಂಟೆಯಲ್ಲಿ ಹಾಲಿಗೆ ಏನಾಗುತ್ತದೆ ಎನ್ನುವುದನ್ನೇ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡಿಕೊಂಡಿದ್ದಳು. ಏಪ್ರಿಲ್‌ನಲ್ಲಿ ಹತ್ತು ದಿನ, ದಿನಕ್ಕೆ ಎರಡು ಮಾದರಿ: ಒಂದು ಹಾಲು ಅಳೆದ ಕೂಡಲೇ, ಇನ್ನೊಂದು ವ್ಯಾನ್ ಬಂದಾಗ ಅದೇ ಕ್ಯಾನ್‌ನಿಂದ. ಐಸ್ ಹಾಕಿದ ಥರ್ಮಕೋಲ್ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕಾಲೇಜಿಗೆ ಒಯ್ಯುವುದು, ಅಲ್ಲಿ ಮೆಥಿಲೀನ್ ಬ್ಲೂ ಪರೀಕ್ಷೆ.

ಈ ಪರೀಕ್ಷೆಯಲ್ಲಿ 10 ಎಂಎಲ್ ಹಾಲಿಗೆ 1 ಎಂಎಲ್ ನೀಲಿ ಬಣ್ಣದ ದ್ರಾವಣ ಹಾಕಿ, ಟೆಸ್ಟ್ ಟ್ಯೂಬಿಗೆ ಬಿರಡೆ ಹಾಕಿ, 37 ಡಿಗ್ರಿ ಬಿಸಿಯ ನೀರಿನಲ್ಲಿ ಇಡುತ್ತಾರೆ. ಹಾಲಿನಲ್ಲಿರುವ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ತಿಂದು ಮುಗಿಸುತ್ತಿದ್ದಂತೆ ನೀಲಿ ಹೋಗಿ ಬಿಳಿಯಾಗುತ್ತದೆ. ಬೇಗ ಬಿಳಿಯಾದರೆ ಬ್ಯಾಕ್ಟೀರಿಯಾ ಜಾಸ್ತಿ, ಹಾಲು ಬೇಗ ಕೆಡುತ್ತದೆ ಎಂದರ್ಥ.

ಮೊದಲ ದಿನ ಅವಳು ಹತ್ತು ಹತ್ತು ನಿಮಿಷಕ್ಕೂ ಟ್ಯೂಬ್ ತೆಗೆದು ಕುಲುಕಿ ನೋಡಿದಳು. ಬಿಳಿಯಾಗಿದ್ದ ಎರಡು ಟ್ಯೂಬ್ ಮತ್ತೆ ನೀಲಿಯಾದವು! ಗಾಬರಿಯಾಗಿ ಲ್ಯಾಬಿನವರನ್ನು ಕೇಳಿದರೆ, ಕುಲುಕಿದಾಗ ಗಾಳಿ ಬೆರೆತು ಆಮ್ಲಜನಕ ವಾಪಸ್ ಸೇರುತ್ತದೆ ಎಂದರಂತೆ. ಆ ದಿನದ ಆರೂ ಟ್ಯೂಬಿನ ಲೆಕ್ಕ ಕೈಬಿಟ್ಟಳು. ಉಳಿದ ಒಂಬತ್ತು ದಿನದ ಸರಾಸರಿಯಲ್ಲಿ, ಅಳೆದ ಕೂಡಲೇ ತೆಗೆದ ಹಾಲು ನಾಲ್ಕೂವರೆ ಗಂಟೆ ನೀಲಿಯಾಗಿತ್ತು, ವ್ಯಾನ್ ಬಂದಾಗ ತೆಗೆದದ್ದು ಎರಡೇ ಗಂಟೆ.

“ಇದನ್ನ ಯಾಕೆ ಪತ್ರದಲ್ಲಿ ಬರೀಲಿಲ್ಲ?” ಎಂದು ಕೇಳಿದೆ.

“ಅಯ್ಯೋ, ಅದು ಬರೀ ಕಾಲೇಜ್ ಪ್ರಾಜೆಕ್ಟ್ ಅಕ್ಕ. ಅದೂ ಅಲ್ದೆ ಮೊದಲನೇ ದಿನ ತಪ್ಪಾಗಿತ್ತಲ್ಲ.”

ಸಾಲು ಸಾಲಾಗಿ ತಿದ್ದಿದ್ದು

ಅವಳು ಮುಚ್ಚಿಡಬೇಕು ಎಂದುಕೊಂಡಿದ್ದ ಆ ಮೊದಲ ದಿನವೇ ಪತ್ರದ ಅತಿ ಬೆಲೆಯ ಭಾಗ. ಗುಣಮಟ್ಟ ಪರೀಕ್ಷೆಯ ಲ್ಯಾಬಿನಲ್ಲಿ ದೊಡ್ಡ ಅಪಾಯ ತಪ್ಪು ಮಾಡುವವರಿಂದ ಬರುವುದಿಲ್ಲ, ತಪ್ಪಾದ ಅಂಕಿಯನ್ನು ಸುಮ್ಮನೆ ರಿಜಿಸ್ಟರಿಗೆ ಬರೆದುಬಿಡುವವರಿಂದ ಬರುತ್ತದೆ. ‘ನಾನು ಪ್ರಾಮಾಣಿಕಳು’ ಎಂದು ನೂರು ಸಲ ಬರೆದರೂ ಆಗದ ಕೆಲಸ ‘ಆ ದಿನದ ಆರು ಲೆಕ್ಕ ಕೈಬಿಟ್ಟೆ’ ಎಂಬ ಒಂದು ಮಾತಿನಿಂದ ಆಗುತ್ತದೆ. ಟ್ಯೂಬ್ ಕುಲುಕಿ ನೋಡದವರಿಗೆ ಆ ಸಾಲು ಹೊಳೆಯುವುದೇ ಇಲ್ಲ. ಗೆಳತಿಯ ಹೆಸರು ಹಾಕಿದರೆ ಸುಳ್ಳಾಗುತ್ತದೆ.

ಮೊದಲ ಸಾಲಿನ ‘ಪ್ರತಿಷ್ಠಿತ ಸಂಸ್ಥೆ’ಯನ್ನು ತೆಗೆದೆವು. ಅವರಿಗೆ ತಮ್ಮ ಪ್ರತಿಷ್ಠೆ ಗೊತ್ತೇ ಇರುತ್ತದೆ. ಕಂಪನಿಯ ವೆಬ್‌ಸೈಟಿನಿಂದ ‘ಗುಣಮಟ್ಟವೇ ನಮ್ಮ ಉಸಿರು’ ಎಂಬಂಥ ಘೋಷಣೆಯನ್ನು ಎತ್ತಿ ಹಾಕಲು ಅವಳಿಗೆ ಮನಸ್ಸಿತ್ತು. ಅದನ್ನೂ ಬೇಡವೆಂದೆ. ಜಾಹೀರಾತಿನಲ್ಲಿ ಅವರೇ ಕೇಳಿದ ಮೂರು ವಿಷಯಕ್ಕೆ ಮೂರು ಉತ್ತರ ಸಾಕು.

ವಾಯ್ಸ್ ಮೆಸೇಜಿನಲ್ಲಿದ್ದ ಕೆಲವು ಮಾತುಗಳನ್ನು ಪತ್ರಕ್ಕೆ ತರಲಿಲ್ಲ. ಮನೆಯ ಸಾಲ, ಚಿಕ್ಕಪ್ಪನ ಆರೋಗ್ಯ, ಈ ಕೆಲಸ ಎಷ್ಟು ಅಗತ್ಯ ಎಂಬುದು. ಅದೆಲ್ಲ ನಿಜ, ಹೇಳುವಾಗ ಅವಳ ದನಿ ಸಣ್ಣದಾಗಿತ್ತು. ಆದರೆ ಅರ್ಜಿ ಹಾಕಿದ ಇನ್ನೆಷ್ಟೋ ಮಕ್ಕಳ ಮನೆಯಲ್ಲೂ ಇದೇ ಪರಿಸ್ಥಿತಿ ಇರುತ್ತದೆ, ಪತ್ರ ಓದುವವರು ಅದನ್ನು ತೂಗಿ ಆರಿಸಲಾರರು. ಪತ್ರ ‘ನಿಮ್ಮದು’ ಅನಿಸಬೇಕು ಎಂದರೆ ಕಷ್ಟ ತೋಡಿಕೊಳ್ಳಬೇಕು ಎಂದು ಅನೇಕರು ತಿಳಿದಿದ್ದಾರೆ. ಕೈಯಾರೆ ಮಾಡಿದ್ದನ್ನು, ಮಾಡಿದ ಹಾಗೆ ಹೇಳಿದರೆ ಸಾಕು. ಹಸು ಮತ್ತು ಸಂಘ ಪತ್ರದಲ್ಲಿ ಉಳಿದದ್ದು ಅವು ಪ್ರಾಜೆಕ್ಟಿನ ಪ್ರಶ್ನೆ ಎಲ್ಲಿಂದ ಬಂತು ಎಂದು ಹೇಳುತ್ತವೆ ಎಂಬುದಕ್ಕೆ.

ಕೊನೆಗೆ ಅವಳು ಕಳಿಸಿದ್ದು ಇದು. ಮೂಲ ಇಂಗ್ಲಿಷ್‌ನಲ್ಲಿತ್ತು, ಸಣ್ಣ ಸಣ್ಣ ವಾಕ್ಯಗಳಲ್ಲಿ. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ, ಅವಳ ಒಪ್ಪಿಗೆ ಪಡೆದು.

“ಮಾನ್ಯರೇ,

ಗುಣಮಟ್ಟ ಪರೀಕ್ಷೆ ವಿಭಾಗದ ಟ್ರೈನಿ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ನಾನು ಈ ವರ್ಷ ಬಿಎಸ್‌ಸಿ ಮುಗಿಸಿದ್ದೇನೆ. ನಮ್ಮ ಮನೆಯಿಂದ ದಿನವೂ ಊರಿನ ಸಂಘಕ್ಕೆ ಹಾಲು ಹೋಗುತ್ತದೆ. ಹಾಲು ಅಳೆದ ಮೇಲೆ ವ್ಯಾನ್ ಬರುವವರೆಗೆ ಕ್ಯಾನ್ ಸುಮಾರು ಎರಡೂವರೆ ಗಂಟೆ ಹೊರಗಿರುತ್ತದೆ. ಆ ಸಮಯದಲ್ಲಿ ಹಾಲು ಎಷ್ಟು ಕೆಡುತ್ತದೆ ಎಂಬುದು ನನ್ನ ಕೊನೆಯ ವರ್ಷದ ಪ್ರಾಜೆಕ್ಟ್ ಆಗಿತ್ತು.

ಏಪ್ರಿಲ್‌ನಲ್ಲಿ ಹತ್ತು ದಿನ ಮೆಥಿಲೀನ್ ಬ್ಲೂ ಪರೀಕ್ಷೆ ಮಾಡಿದೆ. ಮೊದಲ ದಿನ ಟ್ಯೂಬ್‌ಗಳನ್ನು ಪದೇ ಪದೇ ಕುಲುಕಿದ್ದರಿಂದ ಬಣ್ಣ ಮರಳಿ ಬಂತು. ಆ ದಿನದ ಆರು ಫಲಿತಾಂಶಗಳನ್ನು ಲೆಕ್ಕದಿಂದ ಬಿಟ್ಟು, ಕಾರಣವನ್ನು ದಾಖಲೆ ಪುಸ್ತಕದಲ್ಲಿ ಬರೆದೆ. ಉಳಿದ ಒಂಬತ್ತು ದಿನಗಳಲ್ಲಿ ತಾಜಾ ಮಾದರಿಯ ಬಣ್ಣ ಹೋಗಲು ಸರಾಸರಿ ನಾಲ್ಕೂವರೆ ಗಂಟೆ, ಕಾದ ಮಾದರಿಗೆ ಎರಡು ಗಂಟೆ ಬೇಕಾಯಿತು. ಇದು ಒಂದೇ ಊರಿನ, ಒಂದೇ ತಿಂಗಳ ಫಲಿತಾಂಶ.

ಕೊಬ್ಬಿನ ಅಂಶ ಅಳೆಯುವ ಗರ್ಬರ್ ಪರೀಕ್ಷೆಯನ್ನು ಪ್ರಾಕ್ಟಿಕಲ್‌ನಲ್ಲಿ ಎರಡು ಸಲ ಮಾಡಿದ್ದೇನೆ. ಹಾಲು ಪರೀಕ್ಷಿಸುವ ಯಂತ್ರವನ್ನು ಸಂಘದಲ್ಲಿ ನೋಡಿದ್ದೇನೆ, ಬಳಸಿಲ್ಲ. ಪಾಳಿಯಲ್ಲಿ ಕೆಲಸ ಮಾಡಬಲ್ಲೆ, ಲ್ಯಾಬಿನ ಹತ್ತಿರವೇ ಬಂದು ಇರುತ್ತೇನೆ. ಪ್ರಾಜೆಕ್ಟಿನ ದಾಖಲೆ ಪುಸ್ತಕವನ್ನು ಸಂದರ್ಶನಕ್ಕೆ ತರಬಲ್ಲೆ.

ವಂದನೆಗಳೊಂದಿಗೆ,”

‘ಬಳಸಿಲ್ಲ’ ಎಂಬ ಪದಕ್ಕೆ ನಮ್ಮಿಬ್ಬರಲ್ಲಿ ಒಂದು ಸಂಜೆ ಚರ್ಚೆಯಾಯಿತು. ಗೊತ್ತಿಲ್ಲದ್ದನ್ನು ನಾವೇ ಹೇಳಿಕೊಳ್ಳಬೇಕೇ ಎಂದು ಅವಳ ವಾದ. ಇಂಟರ್‌ವ್ಯೂನಲ್ಲಿ ಆ ಯಂತ್ರದ ಮುಂದೆಯೇ ನಿಲ್ಲಿಸಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ ಎಂದು ನನ್ನ ವಾದ. ಎಲ್ಲ ಕೆಲಸಕ್ಕೂ ಈ ಮಾತು ಹೊಂದುವುದಿಲ್ಲ, ಕೆಲವು ಕಡೆ ಇಂಥ ಸಾಲು ನೋಡಿಯೇ ಅರ್ಜಿ ಪಕ್ಕಕ್ಕಿಡಬಹುದು. ಟ್ರೈನಿ ಹುದ್ದೆಯಾದ್ದರಿಂದ, ಕಲಿಸುವುದು ಅವರ ಕೆಲಸವೇ ಆದ್ದರಿಂದ, ಉಳಿಸಿಕೊಂಡೆವು.

ಎಲ್ಲಿ ಇದರಿಂದ ಪ್ರಯೋಜನವಿಲ್ಲ

ಸರ್ಕಾರಿ ನೇಮಕಾತಿಗೆ ನಿಗದಿತ ಅರ್ಜಿ ನಮೂನೆ, ಪರೀಕ್ಷೆ, ಮೆರಿಟ್ ಪಟ್ಟಿ ಇರುತ್ತದೆ. ಅಲ್ಲಿ ಪತ್ರಕ್ಕೆ ಜಾಗವಿಲ್ಲ. ಕಾಲೇಜಿಗೇ ಬಂದು ನೂರಾರು ಜನರನ್ನು ಒಟ್ಟಿಗೆ ಆರಿಸುವ ಕಂಪನಿಗಳು ಮೊದಲು ಶೇಕಡಾವಾರು ಅಂಕ ಮತ್ತು ಆನ್‌ಲೈನ್ ಟೆಸ್ಟ್ ನೋಡುತ್ತವೆ. ಕೆಲವು ಜಾಬ್ ಪೋರ್ಟಲ್‌ಗಳಲ್ಲಿ ಪತ್ರ ಹಾಕುವ ಖಾನೆಯೇ ಇರುವುದಿಲ್ಲ. ಇಂಥ ಕಡೆ ಎರಡು ಸಂಜೆ ಕುಳಿತು ಪತ್ರ ತಿದ್ದುವುದು ವ್ಯರ್ಥ. ಸಣ್ಣ ಲ್ಯಾಬ್, ಶಾಲೆ, ಪತ್ರಿಕೆ, ಎನ್‌ಜಿಒ, ಹೊಸ ಕಂಪನಿಗಳಂಥ ಕಡೆ ಇಮೇಲನ್ನು ಒಬ್ಬ ಮನುಷ್ಯ ತೆರೆದು ಓದುವ ಸಾಧ್ಯತೆ ಹೆಚ್ಚು. ಶ್ರಮ ಹಾಕಬೇಕಾದ್ದು ಅಲ್ಲಿ.

ಇನ್ನೊಂದು ಎಚ್ಚರಿಕೆ. ಈ ಲೇಖನ ಓದಿ ಯಾರಾದರೂ ‘ಮೆಥಿಲೀನ್ ಬ್ಲೂ ಪತ್ರ’ವನ್ನೇ ಕಾಪಿ ಮಾಡಿ ಹೆಸರು ಬದಲಿಸಿದರೆ ಅದೂ ಟೆಂಪ್ಲೇಟ್ ಆಗುತ್ತದೆ. ಮೊದಲನೆಯದಕ್ಕಿಂತ ಅಪಾಯದ ಟೆಂಪ್ಲೇಟ್, ಏಕೆಂದರೆ ಇಲ್ಲಿ ಸುಳ್ಳು ಹಿಡಿಯಲು ಒಂದು ಪ್ರಶ್ನೆ ಸಾಕು. ತಂಗಿಯನ್ನು ಇಂಟರ್‌ವ್ಯೂಗೆ ಕರೆದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಎಷ್ಟು ಹೊತ್ತಿಗೊಮ್ಮೆ ಟ್ಯೂಬ್ ತಿರುಗಿಸಬೇಕು, ಹೇಗೆ ತಿರುಗಿಸಬೇಕು?”

ಹೌದು, ಕರೆದರು. ಪತ್ರದಿಂದಲೇ ಕರೆದರು ಎಂದು ನಾನು ಹೇಳಲಾರೆ. ಅರ್ಜಿ ಹಾಕಿದವರೇ ಕಡಿಮೆ ಇದ್ದಿರಬಹುದು, ಊರು ಹತ್ತಿರ ಎಂಬುದನ್ನು ನೋಡಿರಬಹುದು. ಒಬ್ಬಳ ಕತೆಯಿಂದ ‘ಗ್ಯಾರಂಟಿ’ ಎಂದು ಸಾರಿದರೆ ಆ ಫಾರ್ವರ್ಡ್‌ಗೂ ಈ ಲೇಖನಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಆ ಕೆಲಸದ ಫಲಿತಾಂಶ ಇನ್ನೂ ಬಂದಿಲ್ಲ.

ಈ ನಡುವೆ ಅವಳು ಒಂದು ನೀರು ಪರೀಕ್ಷೆಯ ಲ್ಯಾಬಿಗೂ ಅರ್ಜಿ ಹಾಕಿದಳು. ಪತ್ರದ ಮೊದಲ ಪ್ಯಾರಾ ಪೂರ್ತಿ ಹೋಯಿತು, ಗರ್ಬರ್ ಪರೀಕ್ಷೆಯೂ ಹೋಯಿತು. ಕೈಬಿಟ್ಟ ಆರು ಫಲಿತಾಂಶಗಳ ಸಾಲು ಉಳಿಯಿತು. ಊರಿನ ಬೋರ್‌ವೆಲ್ ನೀರಿನ ಗಡಸುತನವನ್ನು ಎರಡನೇ ವರ್ಷದ ಪ್ರಾಕ್ಟಿಕಲ್‌ನಲ್ಲಿ ಅಳೆದಿದ್ದು ಅವಳಿಗೆ ನೆನಪಾದದ್ದು ಈ ಸಲವೂ ಬರೆಯುವಾಗ ಅಲ್ಲ, ಚಿಕ್ಕಮ್ಮ ಬಿಂದಿಗೆಗೆ ಕಟ್ಟಿದ ಬಿಳಿ ಪೊರೆ ಉಜ್ಜುತ್ತ ಬೈದುಕೊಳ್ಳುತ್ತಿದ್ದಾಗ. ರಾತ್ರಿ ಒಂಬತ್ತಕ್ಕೆ ವಾಯ್ಸ್ ಮೆಸೇಜ್ ಬಂತು: “ಅಕ್ಕ, ಇನ್ನೊಂದ್ ವಿಷಯ ಮರ್ತೇಬಿಟ್ಟಿದ್ದೆ.”